ಒಂದೇ ಅಧ್ಯಾಯ, ನಾಲ್ಕು ಸಲ

ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆಯಿಂದ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲೆಂದು ಧಾರವಾಡದ ಸಪ್ತಾಪುರಕ್ಕೆ ಹೋಗಿ ಕೋಣೆ ಮಾಡಿಕೊಂಡಿರುವ ಹುಡುಗರು ಹಬ್ಬಕ್ಕೆ ಊರಿಗೆ ಬಂದಾಗ ಅವರ ಬ್ಯಾಗು ಬಿಚ್ಚಿಸಿ ನೋಡುವುದು ನನ್ನ ರೂಢಿ. ಇತಿಹಾಸಕ್ಕೇ ನಾಲ್ಕೈದು ಪುಸ್ತಕ ಇರುತ್ತವೆ. ಅದರ ಜೊತೆಗೆ ಕೋಚಿಂಗ್ ನೋಟ್ಸು, ಝೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿಸಿದ ಪ್ರಶ್ನೆಕೋಶ, ಫೋನಿನಲ್ಲಿ ಟೆಲಿಗ್ರಾಂನಿಂದ ಇಳಿಸಿಕೊಂಡ ಪಿಡಿಎಫ್‌ಗಳ ರಾಶಿ. 'ಇಷ್ಟ್ಯಾಕಪಾ?' ಅಂದರೆ, 'ಒಂದರಾಗ ಬಿಟ್ಟಿದ್ದು ಇನ್ನೊಂದರಾಗ ಇರ್ತದಲ್ರಿ ಸರ್' ಅನ್ನುತ್ತಾರೆ. ಆ ಮಾತು ಸುಳ್ಳಲ್ಲ. ಆದರೆ ಬಿಟ್ಟಿದ್ದನ್ನು ಹುಡುಕುತ್ತ ಹೋದವರಿಗೆ ಕೈಯಲ್ಲಿದ್ದದ್ದೂ ನೆನಪಿನಲ್ಲಿ ನಿಲ್ಲುವುದಿಲ್ಲ. ಇದು ಹೇಗೆ ಆಗುತ್ತದೆ ಎಂಬುದನ್ನು ನಮ್ಮ ಸೀಮೆಯದೇ ಒಂದು ಅಧ್ಯಾಯ ಹಿಡಿದು ನೋಡೋಣ.

ಹತ್ತನೇ ತರಗತಿಯ ಸಮಾಜ ವಿಜ್ಞಾನ ಪಠ್ಯದಲ್ಲಿ ಬ್ರಿಟಿಷರಿಗೆ ಕರ್ನಾಟಕ ಒಡ್ಡಿದ ಪ್ರತಿರೋಧದ ಪಾಠವಿದೆ. ಅದರಲ್ಲಿ ಕಿತ್ತೂರಿನದು ಕೆಲವೇ ಪ್ಯಾರಾ. ಅದೇ ವಿಷಯವನ್ನು ಐದು ಪುಸ್ತಕದಲ್ಲಿ ಒಂದೊಂದು ಸಲ ಓದಿದವರಿಗೆ ಏನು ಸಿಗುತ್ತದೆ? ಸಂಗೊಳ್ಳಿ ರಾಯಣ್ಣ ಹುಟ್ಟಿದ್ದು ಒಂದರಲ್ಲಿ 1796, ಇನ್ನೊಂದರಲ್ಲಿ 1798. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು ಒಂದರಲ್ಲಿ 1829ರ ಫೆಬ್ರುವರಿ 2, ಮತ್ತೊಂದರಲ್ಲಿ ಫೆಬ್ರುವರಿ 21. ಪರೀಕ್ಷಾ ಹಾಲ್‌ನಲ್ಲಿ ಎರಡೂ ತಾರೀಕು ನೆನಪಿಗೆ ಬರುತ್ತವೆ, ಯಾವುದು ಯಾವ ಪುಸ್ತಕದ್ದೆಂದು ಮಾತ್ರ ತಿಳಿಯುವುದಿಲ್ಲ. ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಕತ್ತರಿಸುವ ಪರೀಕ್ಷೆಯಲ್ಲಿ ಈ ಅರೆ ನೆನಪು ಏನೂ ಗೊತ್ತಿಲ್ಲದಿರುವುದಕ್ಕಿಂತ ಕೆಟ್ಟದ್ದು. ಗೊತ್ತಿಲ್ಲದವನು ಬಿಟ್ಟು ಮುಂದೆ ಹೋಗುತ್ತಾನೆ, ಅರ್ಧ ಗೊತ್ತಿದ್ದವನು ಗುರುತು ಹಾಕಿ ಬರುತ್ತಾನೆ.

ನಾನು ಹೇಳುವುದು ಇಷ್ಟು. ಕರ್ನಾಟಕದ ಇತಿಹಾಸಕ್ಕೆ ರಾಜ್ಯದ ಶಾಲಾ ಪಠ್ಯಪುಸ್ತಕಗಳು, ಅವುಗಳ ಮೇಲೆ ಒಂದೇ ಒಂದು ದೊಡ್ಡ ಪುಸ್ತಕ. ಸೂರ್ಯನಾಥ ಕಾಮತರದ್ದಾದರೂ ಸರಿ, ನಿಮಗೆ ಓದಲು ಹಿಡಿಸಿದ ಬೇರೆ ಒಂದಾದರೂ ಸರಿ. ಸಂವಿಧಾನಕ್ಕೆ ಲಕ್ಷ್ಮೀಕಾಂತ್ ಅಥವಾ ಅಂಥ ಇನ್ನೊಂದು. ತಾರೀಕು ಬೇರೆ ಬೇರೆ ಇದ್ದಲ್ಲಿ ಮುಖ್ಯ ಪುಸ್ತಕದ ಅಂಚಿನಲ್ಲೇ ಪೆನ್ಸಿಲ್‌ನಿಂದ ಒಂದು ಸಲ ಬರೆದಿಡಿ: ಶಾಲಾ ಪಠ್ಯದಲ್ಲಿ ಇಂತಿಷ್ಟು, ಇಲ್ಲಿ ಇಂತಿಷ್ಟು. ಪರೀಕ್ಷೆ ಮುಗಿದ ಮೇಲೆ ಕೆಪಿಎಸ್‌ಸಿ ಕೀ ಉತ್ತರ ಹೊರಡಿಸಿ ಆಕ್ಷೇಪಣೆ ಕರೆದಾಗ ಆಧಾರ ತೋರಿಸಬೇಕಲ್ಲ, ಆಗಲೂ ಆ ಅಂಚಿನ ಬರಹ ಕೆಲಸಕ್ಕೆ ಬರುತ್ತದೆ.

ಇನ್ನು ಓದುವ ಕ್ರಮ. ಮೊದಲ ಸಲ ಕೈಯಲ್ಲಿ ಪೆನ್ನೇ ಬೇಡ. ಮೊದಲ ಓದಿನಲ್ಲಿ ಎಲ್ಲವೂ ಮುಖ್ಯವಾಗಿಯೇ ಕಾಣುತ್ತದೆ, ಹಾಗಾಗಿ ಗೆರೆ ಹಾಕಿದರೆ ಇಡೀ ಪುಟ ಹಳದಿಯಾಗುತ್ತದೆ. ಇಡೀ ಪುಟಕ್ಕೆ ಬಣ್ಣ ಬಳಿದಿದೆ ಅಂದರೆ ಓದಿದವನು ಏನನ್ನೂ ಆರಿಸಿಲ್ಲ ಅಂತಲೇ ಅರ್ಥ. ಕಥೆ ತಿಳಿದರೆ ಸಾಕು: ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡದ್ದು, ದತ್ತು ಮಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪದೆ ಹೋದದ್ದು, 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ಅವನು ಸತ್ತದ್ದು, ಡಿಸೆಂಬರ್‌ನಲ್ಲಿ ಕೋಟೆ ಬಿದ್ದದ್ದು.

ಇದರ ನಂತರ ಹಳೆಯ ಪ್ರಶ್ನೆಪತ್ರಿಕೆ ತೆಗೆದು ಈ ಪಾಠದಿಂದ ಏನೇನು ಕೇಳಿದ್ದಾರೆಂದು ನೋಡಬೇಕು. ಎರಡನೇ ಓದು ಒಂದು ವಾರದೊಳಗೆ, ಆ ಪ್ರಶ್ನೆಗಳನ್ನು ತಲೆಯಲ್ಲಿಟ್ಟುಕೊಂಡು. ಮೊದಲ ಸಲ ಕಣ್ಣಿಗೆ ಬೀಳದ್ದು ಈಗ ಬೀಳುತ್ತದೆ. ಧಾರವಾಡದ ಕಲೆಕ್ಟರ್‌ಗೆ ಕಿತ್ತೂರಿನ ದತ್ತಕದಲ್ಲಿ ಏನು ಕೆಲಸ? 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಈ ಸೀಮೆ ಕಂಪನಿಯ ಕೈಗೆ ಬಂದಿತ್ತು. ದತ್ತು ಮಕ್ಕಳಿಗೆ ಹಕ್ಕಿಲ್ಲವೆಂಬ ನೀತಿಯನ್ನು ಎಲ್ಲರೂ ಡಾಲ್‌ಹೌಸಿಯ ಹೆಸರಿಗೆ ಕಟ್ಟುತ್ತಾರೆ. ಅವನು ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ, ಕಿತ್ತೂರಿನ ಯುದ್ಧ ನಡೆದು 24 ವರ್ಷವಾದ ಮೇಲೆ. ಕಿತ್ತೂರಿನ ಕಾಲಕ್ಕೆ ಆ ಹುದ್ದೆಯಲ್ಲಿದ್ದವನು ಆಮ್ಹರ್ಸ್ಟ್, ಮುಂಬೈ ಗವರ್ನರ್ ಎಲ್ಫಿನ್‌ಸ್ಟನ್. ಐದು ಪುಸ್ತಕ ಒಂದೊಂದು ಸಲ ಓದಿದವನು 'ದತ್ತು' ಅನ್ನುವ ಶಬ್ದ ಕಂಡ ಕೂಡಲೇ ಡಾಲ್‌ಹೌಸಿಗೆ ಗುರುತು ಹಾಕುತ್ತಾನೆ. ಒಂದನ್ನೇ ಎರಡನೇ ಸಲ ಓದಿದವನು ಇಸವಿ ನೋಡಿ ಕೈ ತಡೆಯುತ್ತಾನೆ. ಪೆನ್ಸಿಲ್ ಗೆರೆ ಬೀಳಬೇಕಾದದ್ದು ಇಂಥ ಜಾಗಕ್ಕೆ.

ಮೂರನೇ ಸಲ ಪುಸ್ತಕ ಮುಚ್ಚಿ ಕೂಡಬೇಕು. ಖಾಲಿ ಹಾಳೆಯ ಮೇಲೆ ಕಿತ್ತೂರಿನ ಬಗ್ಗೆ ನೆನಪಿದ್ದಷ್ಟನ್ನೂ ಬರೆದು, ಆಮೇಲೆ ಪುಸ್ತಕ ತೆರೆದು ತಾಳೆ ನೋಡಿ, ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ಸೇರಿಸಬೇಕು. ಹುಡುಗರು ತಪ್ಪಿಸಿಕೊಳ್ಳುವುದು ಇಲ್ಲೇ. ಪುಟ ತೆರೆದಾಗ ಎಲ್ಲವೂ ಪರಿಚಿತವಾಗಿ ಕಾಣುವುದರಿಂದ 'ಇದು ಬರ್ತದ' ಅನ್ನಿಸುತ್ತದೆ. ಗುರುತು ಹಿಡಿಯುವುದು ಬೇರೆ, ನೆನಪಿನಿಂದ ತೆಗೆದು ಹೇಳುವುದು ಬೇರೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷಿಸಿ ಪ್ರಕಟಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಓದಿದ್ದನ್ನು ನೆನಪಿನಿಂದ ಬರೆದು ನೋಡಿದ್ದವರು ಅವರನ್ನು ಹಿಂದೆ ಹಾಕಿದರು. ಆದ್ದರಿಂದ ಬರೀ ಕಣ್ಣಾಡಿಸುವುದನ್ನು ನಾನು ಪುನರಾವರ್ತನೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಎಷ್ಟು ಸಲವಾದರೂ ಅಷ್ಟೇ.

ನಾಲ್ಕನೆಯದು ಸುಮಾರು ಒಂದು ತಿಂಗಳ ಮೇಲೆ. ಇಲ್ಲಿ ಪೂರ್ತಿ ಪಾಠ ಓದಬೇಕಾಗಿಲ್ಲ. ಆ ಹಾಳೆಯ ಮೇಲಿನ ಕೆಂಪು ಅಕ್ಷರ, ಪುಸ್ತಕದ ಅಂಚಿನ ಪೆನ್ಸಿಲ್ ಬರಹ, ಇವಿಷ್ಟೇ. ಮೊದಲ ಸಲ ಒಂದು ಸಂಜೆ ಹಿಡಿದ ಪಾಠ ಈಗ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಪರೀಕ್ಷೆಯ ಹಿಂದಿನ ವಾರ ಇಡೀ ಪುಸ್ತಕ ಇನ್ನೊಮ್ಮೆ ತಿರುವಿಹಾಕಲು ಆಗುವುದು ಹೀಗೆ ಓದಿದವರಿಗೆ ಮಾತ್ರ. ಹೊಸ ಪುಸ್ತಕ ತಂದರೆ ಅದರ ಎಲ್ಲ ಪಾಠಕ್ಕೂ ಮತ್ತೆ ಮೊದಲ ಓದಿನ ಸಮಯ ಕೊಡಬೇಕಾಗುತ್ತದೆ.

ಆದರೆ ಒಂದೇ ಪುಸ್ತಕ ಹಿಡಿದು ಕೂತವರಿಗೂ ಒಂದು ಅಪಾಯವಿದೆ, ಅದನ್ನು ಮುಚ್ಚಿಡಬಾರದು. ಅಕ್ಕನೋ ಅಣ್ಣನೋ ಓದಿ ಕೊಟ್ಟ ಹಳೆಯ ಪ್ರತಿ ನಮ್ಮ ಕಡೆ ಬಹಳ ಮನೆಯಲ್ಲಿ ಇರುತ್ತದೆ. ಇತಿಹಾಸಕ್ಕೆ ಅದು ನಡೆಯುತ್ತದೆ, ಸಂವಿಧಾನ ಮತ್ತು ಕಾನೂನಿಗೆ ನಡೆಯುವುದಿಲ್ಲ. ಸಂವಿಧಾನದ ಪುಸ್ತಕ ಕೈಗೆ ಬಂದರೆ ಮೊದಲು ತಿದ್ದುಪಡಿಗಳ ಪಟ್ಟಿ ತೆಗೆದು ನೋಡಿ. ಆರ್ಥಿಕವಾಗಿ ಹಿಂದುಳಿದವರಿಗೆ ಶೇ 10 ಮೀಸಲಾತಿ ಕೊಟ್ಟ 2019ರ 103ನೆಯದು, ಲೋಕಸಭೆ ಮತ್ತು ವಿಧಾನಸಭೆಯಲ್ಲಿ ಮಹಿಳಾ ಮೀಸಲಾತಿ ತಂದ 2023ರ 106ನೆಯದು, ಇವೆರಡೂ ಇಲ್ಲದಿದ್ದರೆ ಆ ಪ್ರತಿಯನ್ನು ಬದಲಾಯಿಸಿ. ಇದು ಸಂಗ್ರಹ ಬೆಳೆಸಿದಂತಲ್ಲ. ಹಳೆಯದನ್ನು ಯಾರಿಗೂ ಕೊಡದೆ ರದ್ದಿಗೆ ಹಾಕಿ, ಹೊಸದನ್ನು ಅದರ ಜಾಗದಲ್ಲಿಡಿ.

ಪಿಎಸ್‌ಐಗೆ ಓದುವವರಿಗೆ ಇದು ಇನ್ನೂ ಮುಖ್ಯ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯದರಲ್ಲಿ 511 ಕಲಂ ಇದ್ದವು, ಹೊಸದರಲ್ಲಿ 358. ಕೊಲೆಗೆ ಶಿಕ್ಷೆ ಹೇಳುವ 302 ಈಗ 103. ವಂಚನೆಯ 420 ಈಗ 318ರಲ್ಲಿದೆ. ಹಳೆಯ ನಂಬರು ಬಾಯಿಪಾಠ ಆದವರು ಹೊಸ ಪುಸ್ತಕದ ಅಂಚಿನಲ್ಲಿ ಅದನ್ನು ಕಂಸದೊಳಗೆ ಬರೆದುಕೊಳ್ಳಲಿ, ಮೂರನೇ ಓದಿನ ಖಾಲಿ ಹಾಳೆಯ ಮೇಲೆ ಮಾತ್ರ ಹೊಸ ನಂಬರಷ್ಟೇ ಬರಲಿ.