ಗೋಪಿಚಂದ್ ಪರಿಚಯದ ಕೊನೆಯ ಭಾಗ

ಬ್ಯಾಡ್ಮಿಂಟನ್ ಕೋಚ್‌ಗಳ ಪರಿಚಯ ಎಲ್ಲೇ ಸಿಕ್ಕರೂ ಅದರ ಅಚ್ಚು ಒಂದೇ. ಮೊದಲು ಅವರು ಆಟಗಾರರಾಗಿ ಗೆದ್ದದ್ದು, ಆಮೇಲೆ ತರಬೇತಿಯ ಬಗ್ಗೆ ನಾಲ್ಕು ಮಾತು, ಕೊನೆಗೆ ಶಿಷ್ಯರ ಹೆಸರುಗಳು. ಮಗುವನ್ನು ಅಕಾಡೆಮಿಗೆ ಸೇರಿಸಲು ಹೊರಟ ತಂದೆತಾಯಿ ಸಾಮಾನ್ಯವಾಗಿ ಮೊದಲ ಭಾಗಕ್ಕೇ ಮನಸೋಲುತ್ತಾರೆ. ನಾನು ಕೊನೆಯಿಂದ ಓದುತ್ತೇನೆ. ಅಲ್ಲಿರುವ ಒಂದೊಂದು ಹೆಸರಿನ ಮುಂದೆಯೂ ಕೇಳಿಕೊಳ್ಳಬೇಕಾದದ್ದು ಒಂದೇ: ಈ ಆಟಗಾರ ಬಂದಾಗ ಹೇಗೆ ಆಡುತ್ತಿದ್ದ, ಈ ಕೋಚ್ ಕೈಯಲ್ಲಿ ಏನು ಬದಲಾಯಿತು? ಹಾಗೆ ಓದಿದಾಗಲೂ ಗಟ್ಟಿಯಾಗಿ ನಿಲ್ಲುವ ಪರಿಚಯ ನಮ್ಮ ಕಾಲದಲ್ಲಿ ಪುಲ್ಲೇಲ ಗೋಪಿಚಂದ್ ಅವರದು.

ಅವರ ಆಟದ ದಾಖಲೆಯನ್ನು ಬಿಟ್ಟುಬಿಡಬೇಕು ಎಂದು ಇದರ ಅರ್ಥವಲ್ಲ. ಅದರಲ್ಲಿ ಎಲ್ಲರಿಗೂ ಗೊತ್ತಿರುವುದು 2001ರ ಆಲ್ ಇಂಗ್ಲೆಂಡ್ ಪ್ರಶಸ್ತಿ. ಸೆಮಿಫೈನಲ್‌ನಲ್ಲಿ ಡೆನ್ಮಾರ್ಕ್‌ನ ಪೀಟರ್ ಗೇಡ್ ವಿರುದ್ಧ 17-14, 17-15. ಫೈನಲ್‌ನಲ್ಲಿ ಚೀನಾದ ಚೆನ್ ಹಾಂಗ್ ವಿರುದ್ಧ 15-12, 15-6. 1980ರಲ್ಲಿ ಪ್ರಕಾಶ್ ಪಡುಕೋಣೆ ಗೆದ್ದ ಮೇಲೆ ಭಾರತಕ್ಕೆ ಆ ಪ್ರಶಸ್ತಿ ಬಂದದ್ದು ಆಗಲೇ. ಹೈದರಾಬಾದ್‌ನಲ್ಲಿ ಎಸ್.ಎಂ. ಆರಿಫ್ ಅವರ ಬಳಿ ಕಲಿತ ಗೋಪಿ, ಬೆಂಗಳೂರಿಗೆ ಬಂದು ಪ್ರಕಾಶ್ ಅವರ ಅಕಾಡೆಮಿಯಲ್ಲೂ ಪಳಗಿದವರು. ಆದರೆ ಕೋಚ್ ಆಗಿ ಅವರು ಏನಾದರು ಎಂದು ತಿಳಿಯಬೇಕಾದರೆ 2001ಕ್ಕಿಂತ 1994 ಮುಖ್ಯ. ಆ ವರ್ಷ ಪುಣೆಯ ರಾಷ್ಟ್ರೀಯ ಕ್ರೀಡಾಕೂಟದ ಡಬಲ್ಸ್ ಪಂದ್ಯವೊಂದರಲ್ಲಿ ಜೊತೆ ಆಟಗಾರನಿಗೇ ಡಿಕ್ಕಿ ಹೊಡೆದು ಅವರ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಶಸ್ತ್ರಚಿಕಿತ್ಸೆ ಒಂದಕ್ಕೇ ಮುಗಿಯಲಿಲ್ಲ. ಬ್ಯಾಡ್ಮಿಂಟನ್‌ನಲ್ಲಿ ನೆಟ್ ಕಡೆಗೆ ಮುನ್ನುಗ್ಗಿದಾಗ ಇಡೀ ಮೈಭಾರ ಒಂದೇ ಮೊಣಕಾಲಿನ ಮೇಲೆ ಬಿದ್ದು, ಮರುಕ್ಷಣ ಅದೇ ಕಾಲು ದೇಹವನ್ನು ಹಿಂದಕ್ಕೆ ತಳ್ಳಬೇಕು. ಆ ಕಾಲನ್ನೇ ಕಳೆದುಕೊಂಡಂತಿದ್ದವರು 1996ರಿಂದ 2000ದವರೆಗೆ ಸತತ ಐದು ಬಾರಿ ರಾಷ್ಟ್ರೀಯ ಚಾಂಪಿಯನ್ ಆದರು.

ಹೊಡೆತಗಳ ಸೊಬಗಿಗಿಂತ ದೇಹದ ತಯಾರಿಗೆ ಅವರು ಮೊದಲ ಮಣೆ ಹಾಕುವುದರ ಮೂಲ ಇಲ್ಲಿದೆ ಎಂದು ನನ್ನ ನಂಬಿಕೆ. ಹೈದರಾಬಾದ್‌ನ ಗಚ್ಚಿಬೌಲಿಯಲ್ಲಿ 2008ರಲ್ಲಿ ಅಕಾಡೆಮಿ ಶುರುವಾಯಿತು. ಅದಕ್ಕಾಗಿ ಅವರು ತಮ್ಮ ಮನೆಯನ್ನೇ ಒತ್ತೆ ಇಟ್ಟಿದ್ದರು. ಅಲ್ಲಿ ಬೆಳಗಿನ ಜಾವ, ಬೆಳಕು ಹರಿಯುವ ಮೊದಲೇ ಅಭ್ಯಾಸ ಆರಂಭವಾಗುವುದು ಬ್ಯಾಡ್ಮಿಂಟನ್ ಬಲ್ಲವರಿಗೆಲ್ಲ ಗೊತ್ತು. ಅಂಥ ತರಬೇತಿಯ ಬೆನ್ನೆಲುಬು ಮಲ್ಟಿ ಶಟಲ್ ಅಭ್ಯಾಸ. ಕೋಚ್ ಎಡಗೈ ಮೇಲೆ ಶಟಲ್‌ಗಳನ್ನು ಒಂದರೊಳಗೊಂದು ಸಾಲಾಗಿ ಜೋಡಿಸಿಕೊಂಡು, ಬಲಗೈಯಿಂದ ಒಂದೊಂದನ್ನೇ ಕಿತ್ತು ಕೋರ್ಟಿನ ಮೂಲೆಮೂಲೆಗೆ ಕಳಿಸುತ್ತಾ ಹೋಗುತ್ತಾರೆ. ಪಂದ್ಯದಲ್ಲಾದರೆ ಎದುರಾಳಿ ಶಟಲ್ ಮುಟ್ಟಿ ವಾಪಸ್ ಕಳಿಸುವಷ್ಟು ಹೊತ್ತು ಉಸಿರಾಡಲು ಸಿಗುತ್ತದೆ. ಇಲ್ಲಿ ಅದೂ ಇಲ್ಲ. ದಣಿವು ಹತ್ತಿದ ಮೇಲೆ ಏನಾಗುತ್ತದೆ ಎಂದು ಗಮನಿಸಿ: ಮೊದಲು ಸೋಲುವುದು ಕೈಯಲ್ಲ, ಕಾಲು. ಹೊಡೆದಾದ ಮೇಲೆ ಕೋರ್ಟಿನ ನಡುವಿಗೆ ಮರಳುವ ಹೆಜ್ಜೆ ತುಂಡಾಗುತ್ತದೆ, ಮುಂದಿನ ಶಟಲ್‌ಗೆ ಅರ್ಧ ಹೆಜ್ಜೆ ತಡವಾಗುತ್ತದೆ, ಆಗ ಹೊಡೆತ ಕೆಡುತ್ತದೆ. ನೋಡುವವರ ಕಣ್ಣಿಗೆ ಬೀಳುವುದು ಕೆಟ್ಟ ಹೊಡೆತ ಮಾತ್ರ. ಒಳ್ಳೆಯ ಕೋಚ್ ಆ ಅರ್ಧ ಹೆಜ್ಜೆಯನ್ನು ನೋಡುತ್ತಾನೆ.

ಈಗ ಶಿಷ್ಯರಿಗೆ ಬರೋಣ. ಪಟ್ಟಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಹೆಸರು ಕಿದಂಬಿ ಶ್ರೀಕಾಂತ್. ಆಂಧ್ರದ ಈ ಹುಡುಗ ಅಣ್ಣ ನಂದಗೋಪಾಲ್ ಹಿಂದೆಯೇ ಅಕಾಡೆಮಿಗೆ ಬಂದವರು. ಆಡುತ್ತಿದ್ದದ್ದು ಹೆಚ್ಚಾಗಿ ಡಬಲ್ಸ್ ಮತ್ತು ಮಿಶ್ರ ಡಬಲ್ಸ್. ಅವರನ್ನು ಸಿಂಗಲ್ಸ್‌ಗೆ ತಿರುಗಿಸಿದ್ದು ಗೋಪಿಚಂದ್. ಇದೇಕೆ ಅಷ್ಟು ದೊಡ್ಡ ಮಾತು ಎಂದರೆ, ಈ ಎರಡರಲ್ಲಿ ಕಾಲಿನ ಅಭ್ಯಾಸವೇ ಬೇರೆ. ಡಬಲ್ಸ್ ಆಟಗಾರ ಅರ್ಧ ಕೋರ್ಟನ್ನು ಜೊತೆಗಾರನಿಗೆ ಬಿಟ್ಟಿರುತ್ತಾನೆ. ಶಟಲ್ ಚಪ್ಪಟೆಯಾಗಿ, ವೇಗವಾಗಿ ಬರುತ್ತದೆ, ಅವನು ರ‍್ಯಾಕೆಟ್ ಎತ್ತಿ ಹಿಡಿದೇ ಕಾಯುತ್ತಾನೆ. ಸಿಂಗಲ್ಸ್‌ನಲ್ಲಿ ನಾಲ್ಕು ಮೂಲೆಯೂ ಒಬ್ಬನದೇ; ತಾಳ್ಮೆ ಬೇಕು, ಎತ್ತರಕ್ಕೆ ಕ್ಲಿಯರ್ ಹೊಡೆದು ಕಾಯುವುದು ಗೊತ್ತಿರಬೇಕು. ಹೀಗೆ ಬದಲಾದ ಆಟಗಾರರಲ್ಲಿ ಹಲವರು ಉದ್ದನೆಯ ರ‍್ಯಾಲಿಗೆ ತಾಳದೆ ಸೋಲುತ್ತಾರೆ. ಇಲ್ಲವೇ ತಾಳ್ಮೆ ಕಲಿಯುವ ಭರದಲ್ಲಿ ತಮ್ಮ ಹಳೆಯ ಚುರುಕನ್ನೇ ಕಳೆದುಕೊಳ್ಳುತ್ತಾರೆ.

ಶ್ರೀಕಾಂತ್ ಅದನ್ನು ಕಳೆದುಕೊಳ್ಳಲಿಲ್ಲ. ಅವರ ಆಟ ನೋಡಿದವರಿಗೆ ನೆನಪಿರುತ್ತದೆ: ಹಿಂದಿನಿಂದ ಹಾರಿ ಸ್ಮಾಶ್ ಹೊಡೆದವರು ಅಲ್ಲಿ ನಿಂತು ನೋಡುವುದಿಲ್ಲ, ಆಗಲೇ ನೆಟ್ ಹತ್ತಿರ ಬಂದಿರುತ್ತಾರೆ. ಎದುರಾಳಿ ಹೇಗೋ ತಡೆದು ಕಳಿಸಿದ ಶಟಲ್‌ ಅನ್ನು ಅಲ್ಲಿಯೇ ಕೆಳಗೆ ಹೊಡೆಯುತ್ತಾರೆ. ಅದು ಅಪ್ಪಟ ಡಬಲ್ಸ್ ಬುದ್ಧಿ. 2014ರ ನವೆಂಬರ್‌ನಲ್ಲಿ ಚೀನಾ ಓಪನ್ ಫೈನಲ್‌ನಲ್ಲಿ ಲಿನ್ ಡಾನ್ ಅವರನ್ನು ಅವರ ನೆಲದಲ್ಲೇ 21-19, 21-17ರಿಂದ ಸೋಲಿಸಿದಾಗ ಜಗತ್ತಿಗೆ ಇದು ಕಂಡಿತು. 2017ರಲ್ಲಿ ಇಂಡೋನೇಷ್ಯಾ, ಆಸ್ಟ್ರೇಲಿಯಾ, ಡೆನ್ಮಾರ್ಕ್, ಫ್ರಾನ್ಸ್ ಎಂದು ಒಂದೇ ವರ್ಷ ನಾಲ್ಕು ಸೂಪರ್ ಸೀರೀಸ್ ಪ್ರಶಸ್ತಿಗಳು ಬಂದವು, ಮರುವರ್ಷ ಏಪ್ರಿಲ್‌ನಲ್ಲಿ ವಿಶ್ವದ ಒಂದನೇ ಸ್ಥಾನ. ಇಲ್ಲಿ ಕೋಚ್ ಮಾಡಿದ್ದೇನು ಎಂಬುದಕ್ಕೆ ಸ್ಪಷ್ಟ ಉತ್ತರವಿದೆ. ಹುಡುಗನಲ್ಲಿ ಇದ್ದದ್ದನ್ನು ಅಳಿಸದೆ ಅವನ ವಿಭಾಗವನ್ನೇ ಬದಲಿಸಿದರು. ಶಿಷ್ಯನಲ್ಲಿ ತನ್ನದೇ ಪ್ರತಿಬಿಂಬ ಮೂಡಿಸಲು ಹೊರಟ ಕೋಚ್ ಇದನ್ನು ಮಾಡಲಾರ.

ಪಿ.ವಿ. ಸಿಂಧು ವಿಷಯ ಬೇರೆ. ಮೆಹಬೂಬ್ ಅಲಿ ಅವರ ಬಳಿ ಸಿಕಂದರಾಬಾದ್‌ನಲ್ಲಿ ಮೊದಲ ಪಾಠ ಕಲಿತ ಹುಡುಗಿ ಗೋಪಿಚಂದ್ ಬಳಿ ಬಂದಾಗ ಇನ್ನೂ ಚಿಕ್ಕವಳು. ಮುಂದೆ ಸುಮಾರು ಐದು ಅಡಿ ಹತ್ತು ಇಂಚು ಬೆಳೆದ ಸಿಂಧು ಅವರಿಗೆ ಎತ್ತರವೇ ವರ, ಅದೇ ತೊಡಕು ಕೂಡ. ಸ್ಮಾಶ್ ಕಡಿದಾಗಿ ಇಳಿಯುತ್ತದೆ, ಒಂದು ಹೆಜ್ಜೆ ಚಾಚಿದರೆ ಮೂಲೆ ಸಿಗುತ್ತದೆ. ಆದರೆ ಮೈಗೆ ನೇರವಾಗಿ ಬಂದ ಶಟಲ್‌, ನೆಟ್ ಬುಡದಲ್ಲಿ ಬಿದ್ದ ಡ್ರಾಪ್ ಎತ್ತಲು ಬಗ್ಗಿ ಏಳುವಷ್ಟರಲ್ಲಿ ಹೊತ್ತು ಹೋಗುತ್ತದೆ. ಇಂಥ ಆಟಗಾರ್ತಿ ಎದುರಾಳಿಗಾಗಿ ಕಾಯುತ್ತಾ ಕೂತರೆ ಕೆಟ್ಟಳು. ತಾನೇ ಮೇಲೆ ಬೀಳಬೇಕು. ಆದರೆ ಹುಡುಗಿಯ ಸ್ವಭಾವ ಮೆತ್ತಗಿತ್ತು.

ಆಮೇಲಿನ ಕಥೆ ಪ್ರಸಿದ್ಧ. ಕೋರ್ಟಿನ ನಡುವೆ ನಿಂತು ಗಟ್ಟಿಯಾಗಿ ಕೂಗು, ಕೂಗುವವರೆಗೆ ರ‍್ಯಾಕೆಟ್ ಮುಟ್ಟುವಂತಿಲ್ಲ ಎಂದು ಗೋಪಿಚಂದ್ ಹೇಳಿದರು. ಸುತ್ತಲೂ ಅಕಾಡೆಮಿಯ ಉಳಿದ ಮಕ್ಕಳು. ಸಿಂಧು ಅತ್ತರು, ಕೊನೆಗೆ ಕೂಗಿದರು. ಇದನ್ನು ಒರಟುತನ ಎನ್ನುವವರು ಇದ್ದಾರೆ, ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಎಲ್ಲ ಮಕ್ಕಳಿಗೂ ಹೊಂದುವ ಮದ್ದು ಇದಲ್ಲ, ಇದನ್ನು ಕುರುಡಾಗಿ ಅನುಕರಿಸುವ ಕೋಚ್ ಒಂದು ಮಗುವನ್ನು ಆಟದಿಂದಲೇ ಓಡಿಸಬಹುದು. ಗೋಪಿಚಂದ್ ಹಾಗೆ ಕೇಳಬಲ್ಲವರಾದದ್ದು ವರ್ಷಗಟ್ಟಲೆ ಅದೇ ಕೋರ್ಟಿನಲ್ಲಿ ಅವಳ ಜೊತೆ ಇದ್ದುದರಿಂದ. ರಿಯೊ ಒಲಿಂಪಿಕ್ಸ್‌ಗೆ ಮೊದಲು ಮೂರು ತಿಂಗಳು ಸಿಂಧು ಕೈಯಿಂದ ಫೋನ್ ತೆಗೆದಿಟ್ಟರು, ಐಸ್‌ಕ್ರೀಂ ಬಿಡಿಸಿದರು; ಅದೇ ಸಮಯದಲ್ಲಿ ತಾವೂ ಊಟದಲ್ಲಿ ಪಥ್ಯ ಹಿಡಿದರು.

ಫಲ ಕಂಡದ್ದು 2016ರ ಆಗಸ್ಟ್‌ನಲ್ಲಿ. ಸೆಮಿಫೈನಲ್‌ನ ಎರಡನೇ ಗೇಮ್‌ನಲ್ಲಿ ಜಪಾನ್‌ನ ನೊಜೊಮಿ ಒಕುಹಾರಾ ಜೊತೆ 10-10 ಇದ್ದಾಗ ಸಿಂಧು ಸತತ ಹನ್ನೊಂದು ಅಂಕ ಬಾಚಿದರು. ಒಕುಹಾರಾ ಅವರಂಥ ದಣಿವರಿಯದ ಆಟಗಾರ್ತಿಯ ಎದುರು ಹೀಗೆ ಓಡಿಹೋಗುವುದು ಬರೀ ಎತ್ತರದಿಂದ ಆಗುವಂಥದ್ದಲ್ಲ. ಫೈನಲ್‌ನ ಮೊದಲ ಗೇಮ್‌ನಲ್ಲಿ ಕರೋಲಿನಾ ಮರಿನ್ 19-16 ಮುಂದಿದ್ದಾಗಲೂ ಐದು ಅಂಕ ಸಾಲಾಗಿ ಬಂದವು. ಆಮೇಲಿನ ಎರಡು ಗೇಮ್ ಮರಿನ್ ಪಾಲಾದವು, ನಮಗೆ ಬೆಳ್ಳಿ ಸಿಕ್ಕಿತು. ಆ ಎರಡು ಗೇಮ್‌ಗಳಲ್ಲಿ ಮರಿನ್ ವೇಗ ಹೆಚ್ಚಿಸಿ ಸಿಂಧುಗೆ ನಿಲ್ಲಲು ಬಿಡಲಿಲ್ಲ. ಎತ್ತರದ ಆಟಗಾರ್ತಿಯ ಹಳೆಯ ತೊಡಕು ಪೂರ್ತಿ ಹೋಗಿರಲಿಲ್ಲ ಎಂಬುದೂ ಅಷ್ಟೇ ನಿಜ.

ಪಟ್ಟಿಯಲ್ಲಿ ಎಚ್ಚರದಿಂದ ಓದಬೇಕಾದ ಹೆಸರು ಸೈನಾ ನೆಹ್ವಾಲ್. 2012ರ ಲಂಡನ್ ಕಂಚು ಗೋಪಿಚಂದ್ ಕಾಲದ್ದು, ಅನುಮಾನವಿಲ್ಲ. ಆದರೆ ಸೈನಾ ಕೈಗೆ ಮೊದಲು ರ‍್ಯಾಕೆಟ್ ಕೊಟ್ಟು ಕಲಿಸಿದವರು ಹೈದರಾಬಾದ್‌ನ ಲಾಲ್ ಬಹಾದೂರ್ ಸ್ಟೇಡಿಯಂನ ನಾನಿ ಪ್ರಸಾದ್, ಆಮೇಲೆ ಆರಿಫ್. 2014ರಲ್ಲಿ ಸೈನಾ ಹೈದರಾಬಾದ್ ಬಿಟ್ಟು ಬೆಂಗಳೂರಿಗೆ, ವಿಮಲ್ ಕುಮಾರ್ ಬಳಿಗೆ ಬಂದರು. 2015ರಲ್ಲಿ ವಿಶ್ವದ ಒಂದನೇ ಸ್ಥಾನಕ್ಕೇರಿದ್ದು, ವಿಶ್ವ ಚಾಂಪಿಯನ್‌ಷಿಪ್ ಬೆಳ್ಳಿ ಗೆದ್ದದ್ದು ಇಲ್ಲಿದ್ದಾಗ. 2017ರಲ್ಲಿ ಮತ್ತೆ ಗೋಪಿಚಂದ್ ಬಳಿಗೆ ಹೋದರು. ಇದನ್ನು ಜಗಳದ ಕಥೆಯಾಗಿ ಬರೆದವರು ಬಹಳ. ನನಗೆ ಕಾಣುವುದು ಒಂದು ಮಿತಿ: ಒಂದೇ ಅಕಾಡೆಮಿಯಲ್ಲಿ ಒಂದೇ ವಿಭಾಗದ ಇಬ್ಬರು ಪದಕದ ಮಟ್ಟಕ್ಕೆ ಬಂದಾಗ ಕೋಚ್‌ಗೆ ಇರುವುದು ಎರಡೇ ಕಣ್ಣು. ಟೂರ್ನಿಯೊಂದರಲ್ಲಿ ಅವರಿಬ್ಬರೇ ಎದುರಾದರೆ ಕೋಚ್ ಯಾರ ಹಿಂದಿನ ಕುರ್ಚಿಯಲ್ಲಿ ಕೂರಬೇಕು?

ಸೈನಾ ಹೆಸರು ಹೈದರಾಬಾದ್‌ನ ಪಟ್ಟಿಯಲ್ಲಿಯೂ ಇರಬಹುದು, ಬೆಂಗಳೂರಿನ ಪಟ್ಟಿಯಲ್ಲಿಯೂ ಇರಬಹುದು, ಎರಡೂ ಸುಳ್ಳಲ್ಲ. ಅದಕ್ಕೇ ಯಾವುದೇ ಕೋಚ್ ಪರಿಚಯದಲ್ಲಿ ಶಿಷ್ಯರ ಹೆಸರಿನ ಪಕ್ಕದಲ್ಲಿ ವರ್ಷಗಳು ಇರಬೇಕು: ಎಷ್ಟನೇ ವಯಸ್ಸಿಗೆ ಬಂದರು, ಯಾವಾಗ ಹೋದರು. ವರ್ಷಗಳಿಲ್ಲದ ಪಟ್ಟಿಯಲ್ಲಿ ಒಂದು ರಜೆಯ ಶಿಬಿರಕ್ಕೆ ಬಂದ ಹುಡುಗನೂ ಹತ್ತು ವರ್ಷ ಬೆವರು ಹರಿಸಿದವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ತಂದೆತಾಯಿ ಇದನ್ನು ಸಂಕೋಚವಿಲ್ಲದೆ ಕೇಳಬೇಕು. ಬಿಟ್ಟುಹೋದವರ ಬಗ್ಗೆ ಕೋಚ್ ಹೇಗೆ ಮಾತಾಡುತ್ತಾರೆ ಎಂಬುದನ್ನೂ ಕಿವಿಗೊಟ್ಟು ಕೇಳಬೇಕು.

ಗೋಪಿಚಂದ್ ಅವರ ವಿಷಯದಲ್ಲಿ ಇನ್ನೊಂದನ್ನು ಸೇರಿಸಬೇಕು. 2019ರಲ್ಲಿ ಸಿಂಧು ಒಕುಹಾರಾ ಅವರನ್ನು 21-7, 21-7ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದಾಗ ಅವರ ಜೊತೆ ಕೊರಿಯಾದ ಕೋಚ್ ಕಿಮ್ ಜಿ ಹ್ಯುನ್ ಕೂಡ ದುಡಿದಿದ್ದರು. ಡಬಲ್ಸ್ ಆಡುವ ಸಾತ್ವಿಕ್ ಮತ್ತು ಚಿರಾಗ್, ಇಬ್ಬರೂ ಹಿಂದಿನಿಂದ ಹೊಡೆಯುವ ಹುಡುಗರು. ಅವರನ್ನು ಜೋಡಿ ಮಾಡಿದವರು ಮಲೇಷ್ಯಾದಿಂದ ಬಂದ ಟಾನ್ ಕಿಮ್ ಹರ್. ಗೋಪಿಚಂದ್ ಮುಖ್ಯ ಕೋಚ್ ಆಗಿದ್ದಾಗಲೇ ಈ ಇಬ್ಬರು ಕೋಚ್‌ಗಳೂ ಬಂದು ಕೆಲಸ ಮಾಡಿದರು. ಅವರ ಪರಿಚಯದಲ್ಲಿ ಶಿಷ್ಯರ ಹೆಸರುಗಳ ಕೆಳಗೆ ಈ ಹೆಸರುಗಳಿಗೂ ಜಾಗ ಸಿಗಬೇಕು.