ಸಾಲು ಕೂಡಿಸುವವರ ಅವಸರ

ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಓಸಿಆರ್ ಮೂಲಕ ಪಠ್ಯವಾಗಿಸುವ ಕೆಲಸದಲ್ಲಿ ಒಂದು ಪುಟ್ಟ ಕ್ರಮ ಅತಿಯಾಗಿ ಹೊಗಳಿಸಿಕೊಂಡಿದೆ. ಸಾಲಿನ ಕೊನೆಯ ಹೈಫನ್ ಅಳಿಸಿ, ಸಾಲುಗಳನ್ನು ಕೂಡಿಸಿ, ಒಂಟಿಯಾಗಿ ನಿಂತ ಅಂಕಿಗಳನ್ನು ಪುಟಸಂಖ್ಯೆಯೆಂದು ಗುಡಿಸಿಹಾಕುವ ಕ್ರಮ ಅದು. ಕ್ಷಣದಲ್ಲಿ ಇಡೀ ಪುಸ್ತಕ ಓದಲು ಹಸನಾಗುತ್ತದೆ ಎಂಬುದು ಅದರ ಕೀರ್ತಿ. ನನ್ನ ಅಭಿಪ್ರಾಯದಲ್ಲಿ ಕನ್ನಡದ ಮಟ್ಟಿಗೆ ಈ ಕೀರ್ತಿ ಅರ್ಹವಾದದ್ದಲ್ಲ. ಓಸಿಆರ್ ಮಾಡುವ ಅಕ್ಷರದ ತಪ್ಪು ಓದುವವನ ಕಣ್ಣಿಗೆ ಬೀಳುತ್ತದೆ. ಈ ಕ್ರಮ ಮಾಡುವ ತಪ್ಪು ಕಾಣುವುದಿಲ್ಲ, ಏಕೆಂದರೆ ಅದು ತಪ್ಪನ್ನು ಸರಿಯಾದ ಕನ್ನಡವಾಗಿ ಬರೆದುಕೊಡುತ್ತದೆ.

ಕ್ರಮದ ತಿರುಳು ಇಷ್ಟೇ:

```python
t = t.replace('-\n', '').replace('\n', ' ')
```

ಚಿಕ್ಕಮಗಳೂರು ಸೀಮೆಯ ಆಲ್ದೂರಿನ ಸುತ್ತಿನ ತೋಟದ ಮನೆಗಳಲ್ಲಿ ಸಿಗುವಂಥ ಅಚ್ಚುಮೊಳೆಯ ಕಾಲದ ಪುಸ್ತಕವೊಂದನ್ನು ಎಣಿಸಿಕೊಳ್ಳಿ. ಯಾವ ಗ್ರಂಥದಿಂದಲೂ ಎತ್ತದೆ, ಮಾದರಿಗೆಂದು ನಾನೇ ಬರೆದ ಸಾಲುಗಳು ಇವು. 33ನೇ ಪುಟದ ಕೊನೆ, 34ರ ಆರಂಭ ಓಸಿಆರ್‌ನಿಂದ ಹೀಗೆ ಬಂದಿವೆ:

```
ಅಣ್ಣ ಊರು ಬಿಟ್ಟ ಮೇಲೆ ಆಲ್ದೂ-
ರಿನ ಮನೆಯನ್ನೂ ಮಕ್ಕಳನ್ನೂ
ಚಿಕ್ಕಪ್ಪನೇ ಬಹಳ ವರ್ಷ ನೋಡಿ-
3
34
ಕಾಫಿ ತೋಟ
ಕೊಂಡರು. ಆಗ ಪ್ಲಾಂಟರ್-
ಗಳ ಜೊತೆ ಹೆಚ್ಚು-
ಕಡಿಮೆ ದಿನವೂ ಮಾತುಕತೆ.
```

ಮೇಲಿನ ಆಜ್ಞೆ ಇದನ್ನು ಹೀಗೆ ಮಾಡುತ್ತದೆ: "ಚಿಕ್ಕಪ್ಪನೇ ಬಹಳ ವರ್ಷ ನೋಡಿ3 34 ಕಾಫಿ ತೋಟ ಕೊಂಡರು." ಮುಂದಿನ ಹಂತದಲ್ಲಿ ಅಂಕಿಗಳು ಹೋಗುತ್ತವೆ. ಉಳಿಯುವುದು "ಬಹಳ ವರ್ಷ ನೋಡಿ ಕಾಫಿ ತೋಟ ಕೊಂಡರು." ಮಕ್ಕಳನ್ನು ಸಾಕಿದ ಚಿಕ್ಕಪ್ಪ ತೋಟ ಖರೀದಿಸಿದವನಾದ. ವಾಕ್ಯದಲ್ಲಿ ಒಂದು ಅಕ್ಷರವೂ ತಪ್ಪಿಲ್ಲ, ಕಾಗುಣಿತ ಪರೀಕ್ಷಕ ಇದನ್ನು ಹಿಡಿಯುವುದಿಲ್ಲ. ಕರಡು ತಿದ್ದುವವರು ಪುಟದ ಚಿತ್ರವನ್ನು ಪಕ್ಕದಲ್ಲಿಟ್ಟುಕೊಳ್ಳದಿದ್ದರೆ ಅವರೂ ಹಿಡಿಯಲಾರರು.

ಇಷ್ಟು ಅನಾಹುತಕ್ಕೆ ಮೂರು ಸಾಲು ಸಾಕಾಯಿತು. "3" ಎಂಬುದು ಪುಟಸಂಖ್ಯೆಯೇ ಅಲ್ಲ. 16 ಪುಟದ ಫಾರಂ ಲೆಕ್ಕದಲ್ಲಿ ಅಚ್ಚಾದ ಪುಸ್ತಕದಲ್ಲಿ ಪ್ರತಿ ಫಾರಮ್ಮಿನ ಮೊದಲ ಪುಟದ ಅಡಿಯಲ್ಲಿ ಬೈಂಡಿಂಗ್ ಮಾಡುವವರ ಅನುಕೂಲಕ್ಕೆ ಫಾರಂ ಸಂಖ್ಯೆ ಹಾಕುತ್ತಿದ್ದರು. ಅದು 1, 17, 33, 49 ಹೀಗೆ ಈ ಪುಟಗಳಲ್ಲಿ ಬರುತ್ತದೆ. ಮೂರನೆಯ ಫಾರಂ 33ಕ್ಕೆ ಶುರು, ಆದ್ದರಿಂದ ಅಲ್ಲಿ 3. "34" ನಿಜವಾದ ಪುಟಸಂಖ್ಯೆ. "ಕಾಫಿ ತೋಟ" ಪ್ರತಿ ಎಡಪುಟದ ನೆತ್ತಿಯ ಮೇಲೆ ಮರಳಿ ಬರುವ ಪುಸ್ತಕದ ಹೆಸರು. ಅಂಕಿ ಗುಡಿಸುವವರಿಗೆ ಮೊದಲೆರಡು ಸಿಗುತ್ತವೆ. ಅಕ್ಷರಗಳಲ್ಲಿರುವ ಮೂರನೆಯದು ಪಠ್ಯದ ವೇಷದಲ್ಲಿ ಒಳಗೆ ಉಳಿದುಬಿಡುತ್ತದೆ.

ಪುಟದ ತಲೆಬರಹ ಇಲ್ಲದಿದ್ದರೂ ಅಪಾಯ ತಪ್ಪುತ್ತಿರಲಿಲ್ಲ. ಹೈಫನ್ ಒಂದು ಮಸುಕಾಗಿ ಓಸಿಆರ್‌ಗೆ ಕಾಣದೆ ಹೋದರೆ "ನೋಡಿ ಕೊಂಡರು" ಎಂದಾಗುತ್ತದೆ. ತೋಟವನ್ನು ನೋಡಿಕೊಂಡವರು ಬೇರೆ, ತೋಟವನ್ನು ನೋಡಿ ಕೊಂಡವರು ಬೇರೆ. ಕಾಫಿ ಸೀಮೆಯ ಮನೆತನಗಳ ಚರಿತ್ರೆಯಲ್ಲಿ ರೈಟರೂ ಮಾಲೀಕನೂ ಅದಲುಬದಲಾಗಲು ಇಷ್ಟು ಸಾಕು. ಕೊಳ್ಳು, ಬಿಡು, ಹೋಗು ಮುಂತಾದ ಸಹಾಯಕ ಕ್ರಿಯಾಪದಗಳು ಕೂಡಿ ಬರುವ ಭಾಷೆಯಲ್ಲಿ ಸಾಲಿನ ತುದಿಯ ಒಂದು ಖಾಲಿ ಜಾಗ ಅರ್ಥವನ್ನೇ ತಿರುಗಿಸಬಲ್ಲದು. ಈ ಬೆಟ್ಟಸೀಮೆಯ ಮಳೆಗಾಲದಲ್ಲಿ ಬೂಷ್ಟು ಹಿಡಿದ ಕಾಗದದಲ್ಲಿ ಮೊದಲು ಮಾಯವಾಗುವುದೂ ಇಂಥ ತೆಳುಗೆರೆಗಳೇ.

ಇನ್ನು "ಪ್ಲಾಂಟರ್-/ಗಳ". ಹೈಫನ್ ಕಿತ್ತರೆ ಎಡಭಾಗದ ಕೊನೆಯ ಹಲಂತ ಚಿಹ್ನೆ ಬಲಭಾಗದ ಗಕಾರವನ್ನು ಎಳೆದುಕೊಂಡು "ಪ್ಲಾಂಟರ್ಗಳ" ಆಗುತ್ತದೆ. ರ ಮತ್ತು ಗ ಒತ್ತಕ್ಷರವಾಗಿ, ರೇಫ ಅರ್ಕಾವೊತ್ತಿನ ರೂಪದಲ್ಲಿ ಗಕಾರದ ಬಲಕ್ಕೆ ಹೋಗಿ ಕೂರುತ್ತದೆ. ಪುಸ್ತಕದಲ್ಲಿ ಬೇರೆಲ್ಲೆಡೆ ಇರುವುದು "ಪ್ಲಾಂಟರ್‌ಗಳ". ರಕಾರ, ಗಕಾರಗಳ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ, `U+200C`, ಇರಬೇಕು. ಆದ್ದರಿಂದ ಸಾಮಾನ್ಯ ಕೂಡಿಕೆಗೆ ಮೊದಲು ಇದೊಂದು ನಡೆಯಲೇಬೇಕು:

```python
t = re.sub(r'\u0CCD-\n(?=[\u0C95-\u0CB9])',
           '\u0CCD\u200C', t)
```

ವ್ಯಂಜನಾಂತವಾದ ಇಂಗ್ಲಿಷ್ ಪದಗಳು ತುಂಬಿರುವ ಕಾಫಿ ಸಾಹಿತ್ಯದಲ್ಲಿ ಎಸ್ಟೇಟ್, ಪಲ್ಪರ್, ಪ್ಲಾಂಟರ್, ಬೋರ್ಡ್ ಎಲ್ಲಕ್ಕೂ ಈ ತೊಂದರೆಯಿದೆ. ಹೊಗಳಿಸಿಕೊಂಡ ಆಜ್ಞೆಗೆ ಇದರ ಗೊಡವೆಯೇ ಇಲ್ಲ, ಏಕೆಂದರೆ ಅದು ಇಂಗ್ಲಿಷ್ ಪುಟಕ್ಕೆ ಹುಟ್ಟಿದ್ದು. ಕನ್ನಡಕ್ಕೆ ಒಗ್ಗುವ ತಂತ್ರಾಂಶ ಬೇಕೆಂದು ತೇಜಸ್ವಿಯವರು ಮೂಡಿಗೆರೆಯಲ್ಲಿದ್ದುಕೊಂಡೇ ಒತ್ತಾಯಿಸುತ್ತಿದ್ದರು. ಆ ಒತ್ತಾಯಕ್ಕೆ ಇಲ್ಲಿ ಇನ್ನೂ ಕೆಲಸವಿದೆ.

"ಹೆಚ್ಚು-/ಕಡಿಮೆ"ಯ ವಿಚಾರ ಹಗುರ. ಸಾಲು ತುಂಡಾದ್ದಕ್ಕೆ ಬಂದ ಹೈಫನ್ನೋ ಲೇಖಕರು ಹಾಕಿದ್ದೋ ಎಂದು ಅನುಮಾನ ಬಂದರೆ ಅದೇ ಪುಸ್ತಕದಲ್ಲಿ ಆ ಪದ ಸಾಲಿನ ನಡುವೆ ಹೇಗೆ ಬಂದಿದೆ ಎಂದು ಹುಡುಕಿ ನೋಡಬೇಕು. ನಮ್ಮ ಅಭ್ಯಾಸಕ್ಕಿಂತ ಆ ಪುಸ್ತಕದ ರೂಢಿ ದೊಡ್ಡದು.

ಆಲ್ದೂರನ್ನೇ ತೆಗೆದುಕೊಳ್ಳಿ. ಹೈಫನ್ ಕಾಣದೆ ಹೋಗಿ "ಆಲ್ದೂ ರಿನ" ಎಂದಾದರೆ, ಊರಿನ ಹೆಸರು ಹುಡುಕುವವನಿಗೆ ಆ ಪುಟ ಸಿಗುವುದಿಲ್ಲ. ಇಂಥ ಒಡಕುಗಳಲ್ಲಿ ಒಂದು ಜಾತಿಯನ್ನು ಮಾತ್ರ ಯಂತ್ರವೇ ಹಿಡಿಯಬಹುದು. ಕನ್ನಡ ಪದ ಸಜಾತೀಯ ಒತ್ತಿನಿಂದ ಶುರುವಾಗುವುದಿಲ್ಲ. "ನ್ನು", "ಲ್ಲಿ", "ದ್ದರು" ಎಂದು ಪದ ಶುರುವಾಗಿದ್ದರೆ ಅದರ ಹಿಂದೆ ಮುರಿದ ಸಾಲಿದೆ. `(?:^|\s)([ಕ-ಹ])್\1` ಎಂದು ಹುಡುಕಿದರೆ ಅವೆಲ್ಲ ಸಾಲುಗಟ್ಟಿ ಬರುತ್ತವೆ. "ರಿನ", "ಗಳು", "ದಲ್ಲಿ"ಗಳಿಗೆ ಈ ಬಲೆ ಸಾಲದು. ಅವುಗಳಿಗೆ ಪಟ್ಟಿ ಮಾಡಿಕೊಂಡು ಒಂದೊಂದಾಗಿ ನೋಡಬೇಕು. "ಕೊಂಡರು"ವಿಗೆ ಮನುಷ್ಯರ ಓದೊಂದೇ ದಾರಿ.

ಇಲ್ಲಿ ಒಂದು ಜಗಳ ಆಡಲೇಬೇಕು. ಸಾಲು ಎಲ್ಲಿ ಮುರಿಯಿತು ಎಂಬುದು ಮೊಳೆ ಜೋಡಿಸಿದವನ ವ್ಯವಹಾರ, ಲೇಖಕನಿಗೂ ಓದುಗನಿಗೂ ಅದರಿಂದ ಏನೂ ಇಲ್ಲ, ಅದನ್ನು ಕಾಪಾಡುವುದು ಬರೀ ಮಡಿವಂತಿಕೆ ಎಂದು ವಾದಿಸುವವರಿದ್ದಾರೆ. ಗದ್ಯದ ಅಂತಿಮ ರೂಪದ ಬಗ್ಗೆ ಅವರ ಮಾತು ಸರಿ. ಮೊಬೈಲಿನಲ್ಲಿ ಓದುವವರಿಗೆ ಡೆಮಿ ಅಳತೆಯ ಸಾಲು ಕೊಟ್ಟು ಪ್ರಯೋಜನವಿಲ್ಲ. ಆದರೆ ಕೊನೆಗೆ ಬೇಡವಾದದ್ದು ಮೊದಲಿಗೂ ಬೇಡ ಎಂದು ಅವರು ತಿಳಿದಿದ್ದಾರೆ, ತಪ್ಪು ಅಲ್ಲಿದೆ. ಸಾಲು ಉಳಿದಿರುವ ತನಕ ಪಠ್ಯವನ್ನೂ ಚಿತ್ರವನ್ನೂ ಸಾಲಿಗೆ ಸಾಲು ಹೋಲಿಸಿ ನೋಡಬಹುದು. ಕೂಡಿಸಿದ ಮೇಲೆ ಕಣ್ಣಿಗೆ ಹಿಡಿತ ತಪ್ಪುತ್ತದೆ. ಒಂದು ಸಾಲು ಪೂರ್ತಿ ಬಿಟ್ಟುಹೋಗಿದ್ದರೂ ಗೊತ್ತಾಗುವುದಿಲ್ಲ.

ಅವರ ವಾದ ಗದ್ಯ ದಾಟಿದರೆ ನಿಲ್ಲುವುದೂ ಇಲ್ಲ. ಆಗಿನ ಕಡೂರು ಜಿಲ್ಲೆಯ, ಅಂದರೆ ಇಂದಿನ ಚಿಕ್ಕಮಗಳೂರು ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕಾ'ದ 6ನೇ ಸಂಪುಟವಾಗಿ 1901ರಲ್ಲಿ ತಂದರು. ಶಾಸನಾಭ್ಯಾಸಿಗೆ ಕಲ್ಲಿನ ಸಾಲು ಒಂದು ಸಾಕ್ಷ್ಯ. ಯಾವ ಸಾಲು ಸವೆದಿದೆ, ಎಲ್ಲಿ ಒಡೆದಿದೆ ಎಂದು ಚರ್ಚೆ ನಡೆಯುವುದೇ ಸಾಲಿನ ಸಂಖ್ಯೆ ಹಿಡಿದು. ಸಾಲಿಗೆ ಸಂಖ್ಯೆ ಕೊಟ್ಟು ಮುದ್ರಿಸಿದ ಶಾಸನಪಾಠದ ಮೇಲೆ ಈ ಕ್ರಮ ಪ್ರಯೋಗಿಸಿದರೆ ಕಲ್ಲಿನ ಸಾಲೂ ಹೋಯಿತು, ಸಂಖ್ಯೆಯೂ ಪುಟಸಂಖ್ಯೆಯೆಂಬ ಗುಮಾನಿಯಲ್ಲಿ ಹೋಯಿತು. ಪದ್ಯದ ಸಂಖ್ಯೆಗಳಿಗೂ, ಕಾಫಿ ಪುಸ್ತಕಗಳ ಮಳೆ ಮತ್ತು ಇಳುವರಿಯ ಕೋಷ್ಟಕಗಳಿಗೂ ಇದೇ ಗತಿ. ಕೋಷ್ಟಕದ ಅಂಕಿ ಓಸಿಆರ್‌ನಲ್ಲಿ ಆಗಾಗ ಒಂಟಿ ಸಾಲಾಗಿಯೇ ಬೀಳುತ್ತದೆ. ಹೀಗೆ ಬೇಕಾದ್ದನ್ನು ಅಳಿಸುವ ಪೊರಕೆ ಬೇಡವಾದದ್ದನ್ನು ಬಿಡುತ್ತದೆ: ಸೊನ್ನೆ "೦" ಮತ್ತು ಅನುಸ್ವಾರ "ಂ" ಒಂದೇ ರೂಪದವು. "೩೦" ಎಂಬ ಪುಟಸಂಖ್ಯೆಯನ್ನು ಓಸಿಆರ್ "೩ಂ" ಎಂದು ಓದಿದರೆ ಅದು ಅಂಕಿಯೆನಿಸದೆ ಪಠ್ಯದ ನಡುವೆ ಉಳಿಯುತ್ತದೆ.

ಪುಟಸಂಖ್ಯೆಯನ್ನು ಕಸವೆಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ. ಸ್ಕ್ಯಾನ್ ಪೂರ್ಣವೇ ಎಂದು ಹೇಳಬಲ್ಲದ್ದು ಅದೊಂದೇ. ಚಿತ್ರದ ಕ್ರಮಸಂಖ್ಯೆಯಿಂದ ಅಚ್ಚಾದ ಪುಟಸಂಖ್ಯೆ ಕಳೆದರೆ ಪುಸ್ತಕದುದ್ದಕ್ಕೂ ಒಂದೇ ಶೇಷ ಬರಬೇಕು. 45ನೇ ಚಿತ್ರದಲ್ಲಿ 33ನೇ ಪುಟ, 60ರಲ್ಲಿ 48, ಶೇಷ 12. 61ನೇ ಚಿತ್ರದಲ್ಲಿ 51 ಕಂಡರೆ ಶೇಷ 10ಕ್ಕೆ ಇಳಿಯಿತು. 49 ಮತ್ತು 50, ಅಂದರೆ ಒಂದು ಹಾಳೆಯ ಎರಡೂ ಬದಿ ಇಲ್ಲ. ಹಾಳೆಯೇ ಹರಿದುಹೋಗಿರಬೇಕು. ಶೇಷ ಹೆಚ್ಚಾದರೆ ಪುಟ ಎರಡು ಸಲ ಬಂದಿದೆ, ಇಲ್ಲವೇ ಸಂಖ್ಯೆಯಿಲ್ಲದ ಚಿತ್ರಪುಟ ಸೇರಿದೆ. ಮೊದಲೇ ಸಂಖ್ಯೆ ಗುಡಿಸಿದವರು 48ನ್ನು 51ಕ್ಕೆ ಸರಾಗವಾಗಿ ಕೂಡಿಸಿ ಮುಂದೆ ಹೋಗುತ್ತಾರೆ.

ಇದಕ್ಕೆ ಎದುರಾಗಿ ತಕ್ಕ ಮನ್ನಣೆ ಸಿಗದೆ ನಡೆದಿರುವ ಪದ್ಧತಿ ವಿಕಿಸೋರ್ಸ್‌ನದು. ಅಲ್ಲಿ ಪ್ರತಿ ಪುಟದ ಚಿತ್ರವೂ ಪಠ್ಯವೂ ಅಕ್ಕಪಕ್ಕ ಇರುತ್ತವೆ. ತಲೆಬರಹ, ಪುಟಸಂಖ್ಯೆಗಳನ್ನು ಅಳಿಸದೆ ಮೇಲಿನ, ಕೆಳಗಿನ ಬೇರೆ ಪೆಟ್ಟಿಗೆಗಳಿಗೆ ಸರಿಸುತ್ತಾರೆ. ಪುಟಗಳನ್ನು ಜೋಡಿಸಿದಾಗ ಅವು ಓದುಗನ ಪಠ್ಯಕ್ಕೆ ಬರುವುದಿಲ್ಲ, ಆದರೆ ಇದ್ದಲ್ಲೇ ಇರುತ್ತವೆ. ಒಬ್ಬರು ತಿದ್ದಿದ ಪುಟ ಹಳದಿ, ಇನ್ನೊಬ್ಬರು ಮತ್ತೆ ನೋಡಿದರೆ ಮಾತ್ರ ಹಸಿರು. ಪುಟದ ಕೊನೆಯ ಹೈಫನ್ ಮುಂದಿನ ಪುಟಕ್ಕೆ ತಾನಾಗಿ ಕೂಡಿಕೊಳ್ಳುತ್ತದೆ, ಹಾಗಾಗಿ ನಮ್ಮ "ನೋಡಿ-" ಅಲ್ಲಿ "ನೋಡಿಕೊಂಡರು" ಆಗಿಯೇ ಬರುತ್ತದೆ. ಕೊರತೆಗಳೂ ಇವೆ. ಪುಟದ ಕೊನೆಗೆ ಲೇಖಕರೇ ಹಾಕಿದ ಹೈಫನ್ ಬಂದರೆ ಅದೂ ನುಂಗಿಹೋಗುತ್ತದೆ. ಪುಟದೊಳಗೆ ಹೈಫನ್ ಇಲ್ಲದೆ ಮುರಿದ ಸಾಲು ಖಾಲಿ ಜಾಗವಾಗಿಯೇ ತೋರುತ್ತದೆ. ನಿಧಾನವೆಂಬ ದೂರು ನಿಜ. ಆದರೆ ಹಾಳಾದ ಪಠ್ಯವನ್ನು ಮತ್ತೆ ಮೊದಲಿನಿಂದ ತಿದ್ದುವುದಕ್ಕೆ ಇದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ.

ಪುಟದ ಮೇಲಿನ, ಕೆಳಗಿನ ಗುರುತುಗಳನ್ನು ಬೇರ್ಪಡಿಸುವುದು ಮೊದಲು, ಶೇಷದ ಲೆಕ್ಕ ಆಮೇಲೆ, ಹೈಫನ್ ಅದಾದ ಮೇಲೆ, ಸಾಲು ಕೂಡಿಸುವುದು ಎಲ್ಲಕ್ಕಿಂತ ಕೊನೆಗೆ. ಪ್ಯಾರಾ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಪೂರ್ಣವಿರಾಮ ನೋಡಿ ಊಹಿಸಬಾರದು. ಟೆಸರಾಕ್ಟ್ ಕೊಡುವ `hocr` ಕಡತದಲ್ಲಿ ಪ್ರತಿ ಸಾಲಿನ `bbox` ಅಳತೆ ಇರುತ್ತದೆ. ಎಡ ಅಂಚು ಒಳಸರಿದ ಸಾಲೇ ಪ್ಯಾರಾದ ಮೊದಲ ಸಾಲು. ಹೊಸ ಪುಟದ ಮೊದಲ ಸಾಲು ಒಳಸರಿದಿಲ್ಲದಿದ್ದರೆ ಹಿಂದಿನ ಪುಟದ ಪ್ಯಾರಾ ಮುಂದುವರಿದಿದೆ.

ಹಳೆಯ ಪುಸ್ತಕವನ್ನು ಪಠ್ಯವಾಗಿಸಿ ಹಂಚುತ್ತಿರುವವರಲ್ಲಿ ನನ್ನ ಕೋರಿಕೆ ಇಷ್ಟು: ತಿದ್ದಿದ ಕಡತದ ಜೊತೆಗೆ ಪುಟದ ಚಿತ್ರಗಳನ್ನೂ, ಸಾಲು ಮುರಿದಂತೆಯೇ ಇರುವ ಮೊದಲ ಓಸಿಆರ್ ಕಡತವನ್ನೂ ಕೊಡಿ, ಮತ್ತು ತಿದ್ದಿದ ಪಠ್ಯದಲ್ಲಿ ಪುಟ ಬದಲಾದ ಕಡೆ ಗುರುತು ಉಳಿಸಿ. ಈ ಮೂರೂ ಇಲ್ಲದ ಪಠ್ಯವನ್ನು ನಾನು ಆಧಾರವಾಗಿ ಬಳಸುವುದಿಲ್ಲ.