ದರಪತ್ರವು ಹೇಳದೆ ಬಿಡುವ ಮಾತು

ಬ್ಲಾಗ್ ಲೇಖನಗಳನ್ನು ಸ್ವತಂತ್ರವಾಗಿ ಬರೆದುಕೊಡುವವರು ಗ್ರಾಹಕರಿಗೆ ಕಳುಹಿಸುವ ಕೊಟೇಶನ್ನು ಸಾಮಾನ್ಯವಾಗಿ ಒಂದು ಪಂಕ್ತಿಯಲ್ಲಿ ಮುಗಿಯುತ್ತದೆ: ಎಂಟು ಲೇಖನ, ತಲಾ 800 ಪದ, ಪದಕ್ಕೆ 2 ರೂಪಾಯಿ, ಒಟ್ಟು 12,800 ರೂಪಾಯಿ. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಈ ಪತ್ರವು ಕೆಲಸದ ಪರಿಮಾಣವನ್ನು ಹೇಳುತ್ತದೆಯೇ ಹೊರತು ಅದರ ಪರಿಸಮಾಪ್ತಿಯನ್ನು ಹೇಳುವುದಿಲ್ಲ. ಲೇಖನವು ಯಾವಾಗ ಮುಗಿಯಿತು, ಮುಗಿಯಿತೆಂದು ಹೇಳತಕ್ಕವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲದ ದರಪತ್ರವು ಅಪೂರ್ಣವೆಂದೇ ನನ್ನ ಅಭಿಪ್ರಾಯ.

ಪದಗಣನೆಯ ಮಾನದಂಡವು ಕನ್ನಡಕ್ಕೆ ಮೊದಲೇ ಸಲ್ಲದು. ವಿಭಕ್ತಿಯನ್ನೂ ಸಹಾಯಕ ಕ್ರಿಯೆಯನ್ನೂ ಒಂದೇ ಪದದೊಳಗೆ ಅಡಗಿಸಿಕೊಳ್ಳುವ ನಮ್ಮ ಭಾಷೆಯಲ್ಲಿ ಇಂಗ್ಲಿಷಿಗಿಂತ ಕಡಮೆ ಪದಗಳಲ್ಲಿ ಅದೇ ವಿಷಯವು ನಿಲ್ಲುವುದರಿಂದ, ಇಂಗ್ಲಿಷ್ ಲೇಖನದ ದರವನ್ನು ಹಾಗೆಯೇ ಎತ್ತಿಕೊಂಡ ಕನ್ನಡ ಲೇಖಕನಿಗೆ ಸಮಾನ ಶ್ರಮಕ್ಕೆ ನ್ಯೂನ ವೇತನ ದೊರೆಯುತ್ತದೆ. ಆದುದರಿಂದ ಲೇಖನವೊಂದಕ್ಕೆ ಇಷ್ಟೆಂದು ಹೇಳುವುದೇ ಉಚಿತ.

ಹನಿ ನೀರಾವರಿಯ ಉಪಕರಣಗಳನ್ನು ಮಾರುವ ಸಂಸ್ಥೆಯೊಂದು ಮೇಲಿನ ದರಕ್ಕೆ ಒಪ್ಪಿತೆಂದು ಭಾವಿಸೋಣ. ಲೇಖನವೊಂದಕ್ಕೆ ಓದುವುದು, ತಂತ್ರಜ್ಞರೊಡನೆ ಮಾತನಾಡುವುದು, ಬರೆಯುವುದು, ಒಮ್ಮೆ ತಿದ್ದುವುದು ಎಲ್ಲ ಸೇರಿ ಆರೂವರೆ ಗಂಟೆಯಾದರೆ, ಎಂಟಕ್ಕೆ 52 ಗಂಟೆ. ಗಂಟೆಗೆ ಸುಮಾರು 246 ರೂಪಾಯಿ ಸಂದಂತಾಯಿತು. ಆದರೆ ಮಾರಾಟ ವಿಭಾಗದವರು ಒಪ್ಪಿದ ಲೇಖನವನ್ನು ತಂತ್ರಜ್ಞರು ತಿದ್ದಿಸಿ, ತಂತ್ರಜ್ಞರು ತಿದ್ದಿಸಿದ್ದನ್ನು ಮಾಲೀಕರು ‘ಇದು ಬೇಡ, ಸಬ್ಸಿಡಿಯ ವಿಷಯ ಬರೆಯಿರಿ’ ಎಂದು ಬದಲಿಸಿದಾಗ, ಪ್ರತಿ ಲೇಖನಕ್ಕೂ ಇನ್ನೆರಡು ಗಂಟೆ ಕೂಡಿ ಆ ಪ್ರತಿಫಲವು 188ಕ್ಕೆ ಇಳಿಯುತ್ತದೆ. ಗ್ರಾಹಕರು ವಂಚಿಸಿದರೆಂದು ಹೇಳುವಂತಿಲ್ಲ. ತಿದ್ದುಪಡಿಗೆ ಮಿತಿಯಿದೆಯೆಂದು ಅವರಿಗೆ ಯಾರೂ ತಿಳಿಸಿರಲಿಲ್ಲ.

ಒಳ್ಳೆಯ ದರಪತ್ರವು ಈ ಇಳಿತವನ್ನು ಮೊದಲೇ ತಡೆಯುತ್ತದೆ. ಅದು ಪ್ರತಿ ಲೇಖನಕ್ಕೂ ಮೊದಲು ಅರ್ಧ ಪುಟದ ರೂಪರೇಖೆಯನ್ನು ಕೊಟ್ಟು ಒಪ್ಪಿಗೆ ಕೇಳುತ್ತದೆ. ಎರಡು ಸುತ್ತಿನ ತಿದ್ದುಪಡಿಯನ್ನು ದರದಲ್ಲಿಯೇ ಸೇರಿಸುತ್ತದೆ. ಅಭಿಪ್ರಾಯಗಳೆಲ್ಲ ಒಟ್ಟುಗೂಡಿ, ಹೆಸರಿಸಿದ ಒಬ್ಬರ ಮೂಲಕವೇ ಬರತಕ್ಕದ್ದೆಂದು ವಿಧಿಸುತ್ತದೆ. ಒಪ್ಪಿದ ರೂಪರೇಖೆಯೊಳಗಿನ ಬದಲಾವಣೆ ತಿದ್ದುಪಡಿ; ಅದರ ಹೊರಗಿನದು ಹೊಸ ಕೆಲಸ, ಅದಕ್ಕೆ ಬೇರೆ ದರ. ಆದರೆ ಲೇಖಕನದೇ ಆದ ತಪ್ಪು ಮಾಹಿತಿಯನ್ನು ಸುತ್ತುಗಳ ಲೆಕ್ಕಕ್ಕೆ ಹಿಡಿಯದೆ ಉಚಿತವಾಗಿ ಸರಿಪಡಿಸಬೇಕು. ಈ ಮಾತಿಲ್ಲದ ಷರತ್ತು ಏಕಪಕ್ಷೀಯವಾಗುತ್ತದೆ.

ಗಡುವಿನಲ್ಲಿಯೂ ಇದೇ ವಿವೇಕ ಬೇಕು. ‘15ನೆಯ ತಾರೀಖಿಗೆ’ ಎಂದು ಬರೆದ ಲೇಖಕನು, ಉಪಕರಣದ ವಿವರಗಳು 13ಕ್ಕೆ ಕೈಸೇರಿದರೂ ತಾನೇ ತಡಮಾಡಿದವನಾಗುತ್ತಾನೆ. ‘ವಿವರಗಳು ತಲಪಿದ ಆರು ಕೆಲಸದ ದಿನಗಳೊಳಗೆ’ ಎಂದವನು ಕಾಲವನ್ನು ಇಬ್ಬರಿಗೂ ಹಂಚುತ್ತಾನೆ. ಕರಡು ತಲಪಿದ ಏಳು ದಿನಗಳಲ್ಲಿ ಉತ್ತರ ಬಾರದಿದ್ದರೆ ಒಪ್ಪಿಗೆಯೆಂದು ತಿಳಿಯಲಾಗುವುದೆಂಬ ಮಾತೂ ಅದರ ಜೊತೆಗಿರಬೇಕು.

ಹಣದ ವಿಷಯದಲ್ಲಿ ‘ಪ್ರಕಟವಾದ ಮೇಲೆ’ ಎಂಬ ಷರತ್ತು ಅತ್ಯಂತ ದುರ್ಬಲವಾದುದು, ಏಕೆಂದರೆ ಪ್ರಕಟಣೆ ಲೇಖಕನ ಕೈಯಲ್ಲಿಲ್ಲ. ಲೇಖನಕ್ಕೆ 2,000ದಂತೆ 16,000 ರೂಪಾಯಿಯ ಕೆಲಸವಾದರೆ, ಆರಂಭದಲ್ಲಿ 5,000, ನಾಲ್ಕು ಲೇಖನಗಳಾದಾಗ 5,500, ಕೊನೆಯದನ್ನು ಒಪ್ಪಿಸಿದಾಗ ಉಳಿದ 5,500 ಎಂದು ವಿಭಜಿಸಬಹುದು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಹಕ್ಕಿನ ಹಸ್ತಾಂತರವು ಲಿಖಿತವಾಗಿ ಆಗಬೇಕಾದುದರಿಂದ, ಪೂರ್ಣ ಹಣ ಸಂದ ಮೇಲೆಯೇ ಹಕ್ಕು ವರ್ಗವಾಗುವುದೆಂಬ ಒಂದು ವಾಕ್ಯವು ನೆನಪೋಲೆಗಳಿಗಿಂತ ಬಲವಾಗಿ ಕೆಲಸಮಾಡುತ್ತದೆ. ಸಣ್ಣ ಉದ್ದಿಮೆಯೆಂದು ಉದ್ಯಮ್ ನೋಂದಣಿ ಪಡೆದ ಲೇಖಕನಿಗೆ 2006ರ ಎಂಎಸ್‌ಎಂಇ ಕಾಯಿದೆಯ ರಕ್ಷಣೆಯೂ ಉಂಟು: ಒಪ್ಪಂದವಿದ್ದರೂ ಪಾವತಿಯ ಅವಧಿ 45 ದಿನಗಳನ್ನು ಮೀರುವಂತಿಲ್ಲ, ಮೀರಿದರೆ ಚಕ್ರಬಡ್ಡಿ ಸಲ್ಲಬೇಕು. ಆದರೆ ಐದು ಸಾವಿರಕ್ಕಾಗಿ ಆ ಮಾರ್ಗವನ್ನು ಹಿಡಿಯುವವರು ವಿರಳ. ಅಲ್ಪ ಮೊತ್ತಕ್ಕೆ ಮುಂಗಡವೇ ನಿಜವಾದ ಕಾನೂನು.

ಇಂಥ ದರಪತ್ರಕ್ಕೂ ಮಿತಿಯಿದೆ: ಒಂದೇ ಲೇಖನದ ಕೆಲಸಕ್ಕೆ ಇಷ್ಟೆಲ್ಲ ಷರತ್ತು ಭಾರವಾಗಿ, ಗ್ರಾಹಕರು ಹಿಂದೆಸರಿಯುವ ಸಂಭವವುಂಟು. ಅಲ್ಲಿ ಉಳಿದವನ್ನು ಬಿಟ್ಟರೂ ಒಪ್ಪಿಗೆ ಕೊಡತಕ್ಕವರ ಹೆಸರನ್ನು ಮಾತ್ರ ಕೇಳಿ ಪಡೆಯಬೇಕು. ಆ ಒಂದು ಹೆಸರನ್ನು ಬರೆದುಕೊಡಲಾರದ ಸಂಸ್ಥೆಯಲ್ಲಿ ಲೇಖನ ಹೇಗಿರಬೇಕೆಂಬ ತೀರ್ಮಾನವೇ ಇನ್ನೂ ಆಗಿಲ್ಲವೆಂದು ತಿಳಿಯಬೇಕು. ಅಂಥವರಿಗೆ ಲೇಖನದ ದರವನ್ನಲ್ಲ, ಗಂಟೆಯ ದರವನ್ನು ಹೇಳುವುದೇ ಯುಕ್ತ.